2008ರ ಅಮೆರಿಕದ ರಿಬೇಟ್ ಚೆಕ್: ಜನ ಖರ್ಚು ಮಾಡಿದರೇ, ಇಟ್ಟುಕೊಂಡರೇ?

ತುಂಗಾತೀರ

ನಾನು ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುವವನು. ಕಳೆದ ವಾರ ಶಾಶ್ವತ ವರಮಾನದ ಪಾಠ ನಡೆಯುತ್ತಿತ್ತು. ಜನ ಖರ್ಚು ಮಾಡುವುದು ಈ ವರ್ಷ ಕೈಗೆ ಬಂದದ್ದನ್ನು ನೋಡಿಯಲ್ಲ, ಮುಂದೆಯೂ ಬರಬಹುದಾದ ವರಮಾನವನ್ನು ನೋಡಿ ಎಂಬ ಸಿದ್ಧಾಂತ ಅದು. ಫ್ರೀಡ್‌ಮನ್, ಮೊಡಿಗ್ಲಿಯಾನಿ ಎಂದು ಅದನ್ನು ಕಟ್ಟಿದ ಅರ್ಥಶಾಸ್ತ್ರಜ್ಞರ ಹೆಸರು ಹೇಳಿದರೆ ಮಕ್ಕಳು ಆಕಳಿಸುತ್ತಾರೆಂದು ಬೋರ್ಡಿನ ಮೇಲೆ ನೇರವಾಗಿ ಒಂದು ಲೆಕ್ಕ ಹಾಕಿದೆ. ಒಬ್ಬನಿಗೆ 40 ವರ್ಷ. 60ಕ್ಕೆ ನಿವೃತ್ತಿ, 80ರವರೆಗೆ ಬದುಕು. ಸರ್ಕಾರ ಈ ವರ್ಷ ಮಾತ್ರ 12,000 ರೂಪಾಯಿ ತೆರಿಗೆ ವಾಪಸ್ ಕೊಡುತ್ತದೆ. ಉಳಿದ 40 ವರ್ಷಕ್ಕೆ ಸಮನಾಗಿ ಹಂಚಿಕೊಂಡರೆ ವರ್ಷಕ್ಕೆ 300 ರೂಪಾಯಿ. ಅಂದರೆ ತಿಂಗಳಿಗೆ ಎರಡು ಕಾಫಿ. ಅದೇ ಸರ್ಕಾರ ನಿವೃತ್ತಿಯವರೆಗೆ ಪ್ರತಿ ವರ್ಷವೂ 12,000 ಬಿಡುತ್ತೇನೆ ಎಂದರೆ ಒಟ್ಟು 2,40,000. ವರ್ಷಕ್ಕೆ 6,000 ಹೆಚ್ಚು ಖರ್ಚು ಮಾಡಬಹುದು. ಮೊದಲ ವರ್ಷ ಕೈಗೆ ಬಂದ ಹಣ ಎರಡರಲ್ಲೂ ಒಂದೇ, ಖರ್ಚಿನಲ್ಲಿ 20 ಪಟ್ಟು ವ್ಯತ್ಯಾಸ. (ಬಡ್ಡಿಯನ್ನು ಬೇಕೆಂದೇ ಬಿಟ್ಟಿದ್ದೇನೆ.) ಇಲ್ಲಿಯವರೆಗೆ ಎಲ್ಲರೂ ತಲೆಯಾಡಿಸಿದರು.

ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಸರ್, 2008ರಲ್ಲಿ ಅಮೆರಿಕ ಸರ್ಕಾರ ರಿಬೇಟ್, ಅಂದರೆ ತೆರಿಗೆ ವಾಪಸಿನ ಚೆಕ್ ಜನರಿಗೆ ಕಳಿಸಿದಾಗ ಖರ್ಚು ಏರಲೇ ಇಲ್ಲ ಎಂದು ಒಂದು ಕಡೆ ಇದೆ. ಬಂದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಮೂರು ತಿಂಗಳಲ್ಲಿ ಖರ್ಚಾಯಿತು ಎಂದು ಇನ್ನೊಂದು ಕಡೆ ಇದೆ. ಯಾವುದನ್ನು ಬರೆದರೆ ಅಂಕ ಸಿಗುತ್ತದೆ?"

ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡು ಬಂದೆ. ನಾಳೆ ಎಂದದ್ದು ಈಗ ಮುಂದಿನ ಸೋಮವಾರಕ್ಕೆ ಹೋಗಿದೆ. ಬಲ್ಲವರು ದಾರಿ ತೋರಿಸಿ.

ಕಡ್ಡಿಪುಡಿ

ಮೇಷ್ಟ್ರೇ, ಸಿದ್ಧಾಂತವೇ ಸುಳ್ಳು ಎಂದು ಹೇಳಿಬಿಡಿ, ಮುಗಿಯಿತು. 80 ವರ್ಷದವರೆಗೆ ಲೆಕ್ಕ ಹಾಕಿ ಕಾಫಿ ಕುಡಿಯುವವನನ್ನು ನಾನಂತೂ ನೋಡಿಲ್ಲ. ತಾತ್ಕಾಲಿಕ ಹಣ ಬಂದರೆ ಜನ ಒಂದು ಪೈಸೆಯನ್ನೂ ಖರ್ಚು ಮಾಡುವುದಿಲ್ಲ ಎಂದು ಫ್ರೀಡ್‌ಮನ್ ಬರೆದ. ಜನ ಖರ್ಚು ಮಾಡಿದರು. ಫ್ರೀಡ್‌ಮನ್ ಸೋತ.

ನ್ಯೂಜೆರ್ಸಿ ಗೃಹಿಣಿ

ಆ ಹಣ ಪಡೆದವಳು ನಾನು! ಒಬ್ಬರಿಗೆ 600 ಡಾಲರ್, ದಂಪತಿಗೆ 1,200, ಮಗುವಿಗೆ 300. ನಮಗೆ ಆಗ ಒಬ್ಬ ಮಗ, ಒಟ್ಟು 1,500 ಬಂತು. ಮೇ ತಿಂಗಳ ಒಂದು ಶುಕ್ರವಾರ ಬ್ಯಾಂಕ್ ಖಾತೆಗೆ ನೇರವಾಗಿ ಬಿತ್ತು. ಯಜಮಾನರು ಅದೇ ಸಂಜೆ ಕ್ರೆಡಿಟ್ ಕಾರ್ಡಿನ ಬಾಕಿ ತೀರಿಸಿದರು. ಪಕ್ಕದ ಮನೆಯವರು ಟಿವಿ ತಂದರು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಆದರೆ ಜುಲೈಯಲ್ಲಿ ಅದೇ ಕಾರ್ಡಿನಲ್ಲಿ ಊರಿಗೆ ಬರುವ ವಿಮಾನದ ಟಿಕೆಟ್ ತೆಗೆದೆವು. ಬಾಕಿ ತೀರಿರದಿದ್ದರೆ ತೆಗೆಯುತ್ತಿದ್ದೆವೋ ಇಲ್ಲವೋ ಇವತ್ತಿಗೂ ಹೇಳಲಾರೆ. ಈಗ ಹೇಳಿ, ನಾವು ಖರ್ಚು ಮಾಡಿದವರೋ ಉಳಿಸಿದವರೋ?

ಎಡಿಸನ್ ಮಾಜಿ

ನಿಮಗಾದರೂ ಬಂತು ಮೇಡಂ. ನಾನು ಎಚ್-1ಬಿ ಕೆಲಸದ ವೀಸಾದಲ್ಲಿ, ಹೆಂಡತಿ ಅವಲಂಬಿತರ ಎಚ್-4ರಲ್ಲಿ. ಅವಳಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರಲಿಲ್ಲ, ತೆರಿಗೆಗೆಂದು ಕೊಡುವ ಬೇರೆ ಸಂಖ್ಯೆ ಮಾತ್ರ ಇತ್ತು. ಇಬ್ಬರೂ ಜಂಟಿಯಾಗಿ ರಿಟರ್ನ್ ಸಲ್ಲಿಸಿದ್ದರಿಂದ ಇಬ್ಬರಿಗೂ ಸೊನ್ನೆ. ತೆರಿಗೆ ಮಾತ್ರ ಪೂರ್ತಿ ಕಟ್ಟಿದ್ದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಂಥ ಐದಾರು ಕುಟುಂಬಗಳಿದ್ದವು. ಯಾವ ಸಿದ್ಧಾಂತದ ಪ್ರಕಾರವೂ ನಮ್ಮ ಖರ್ಚು ಏರಲಿಲ್ಲ.

ಮಾಪನ

ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ. ಅದಕ್ಕೂ ಮೊದಲು ಕಡ್ಡಿಪುಡಿಯವರ ಒಂದು ತಪ್ಪು. ಒಂದು ಪೈಸೆಯೂ ಖರ್ಚಾಗುವುದಿಲ್ಲ ಎಂದು ಫ್ರೀಡ್‌ಮನ್ ಹೇಳಿಲ್ಲ. ಶಾಶ್ವತ ವರಮಾನದ ಪುಸ್ತಕ 1957ರದು. 1963ರಲ್ಲಿ ಅವರೇ ಮತ್ತೆ ಬರೆದು, ಜನರ ಲೆಕ್ಕಾಚಾರದ ದೂರದೃಷ್ಟಿ ಸುಮಾರು ಮೂರು ವರ್ಷದ್ದು ಎಂದರು. ಆ ಪ್ರಕಾರ ಅನಿರೀಕ್ಷಿತವಾಗಿ ಬಂದ 100 ರೂಪಾಯಿಯಲ್ಲಿ ಮೂವತ್ತಮೂರರಷ್ಟು ಮೊದಲ ವರ್ಷವೇ ಹೋಗುತ್ತದೆ. ಬೋರ್ಡಿನ ಮೇಲಿನ 40 ವರ್ಷದ ಹಂಚಿಕೆ ಮೊಡಿಗ್ಲಿಯಾನಿ ಮತ್ತು ಬ್ರೂಂಬರ್ಗ್ ಅವರ ಜೀವನಚಕ್ರದ ದಾರಿ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆಯಾಗಿದೆ, ಆದರೆ ತಾತ್ಕಾಲಿಕ ರಿಬೇಟಿನ ವಿಷಯದಲ್ಲಿ ಎರಡೂ ಕೊಡುವ ಸಂಖ್ಯೆ ಬೇರೆ ಬೇರೆ.

ಈಗ 2008. ಆ ಹುಡುಗಿ ಓದಿದ ಎರಡೂ ನಿಜವಾದ ಅಧ್ಯಯನಗಳು.

ಮೊದಲನೆಯದು ಅರ್ಥಶಾಸ್ತ್ರಜ್ಞ ಜಾನ್ ಟೇಲರ್ ಅವರದು. ಅವರು ಮಾಡಿದ್ದು ಸರಳ. ಇಡೀ ದೇಶದ ತಿಂಗಳ ತಿಂಗಳ ವರಮಾನದ ಗೆರೆ ಒಂದು, ಖರ್ಚಿನ ಗೆರೆ ಇನ್ನೊಂದು. 2008ರ ಮೇ ತಿಂಗಳಲ್ಲಿ ವರಮಾನದ ಗೆರೆ ತೆಂಗಿನ ಮರದಂತೆ ನೆಟ್ಟಗೆ ಏರುತ್ತದೆ, ಖರ್ಚಿನ ಗೆರೆ ಏನೂ ಆಗದವರಂತೆ ತನ್ನ ಪಾಡಿಗೆ ಹೋಗುತ್ತದೆ. ರಿಬೇಟ್ ಕೆಲಸ ಮಾಡಲಿಲ್ಲ ಎಂದು ತೀರ್ಮಾನ.

ಎರಡನೆಯದು ಪಾರ್ಕರ್, ಸೌಲೆಲೆಸ್, ಜಾನ್ಸನ್, ಮೆಕ್‌ಕ್ಲೆಲೆಂಡ್ ಅವರದು. ಇವರು ದೇಶದ ಗೆರೆ ನೋಡಲಿಲ್ಲ, ಮನೆಗಳನ್ನು ನೋಡಿದರು. ನ್ಯೂಜೆರ್ಸಿಯವರು ಶುಕ್ರವಾರ ಎಂದರಲ್ಲ, ಆ ಶುಕ್ರವಾರ ಯಾವುದು ಎಂಬುದು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ಎರಡು ಅಂಕಿಗಳ ಮೇಲೆ ನಿಂತಿತ್ತು. ನೇರ ಜಮೆಯಲ್ಲಿ 00ರಿಂದ 20ರವರೆಗೆ ಇದ್ದವರಿಗೆ ಮೇ 2ರ ಒಳಗೆ, 75ರವರೆಗೆ ಇದ್ದವರಿಗೆ ಮೇ 9, ಉಳಿದವರಿಗೆ ಮೇ 16. ಕಾಗದದ ಚೆಕ್ಕುಗಳು ಅದೇ ಕ್ರಮದಲ್ಲಿ ಜುಲೈ 11ರವರೆಗೆ ಹೋದವು. ಆ ಎರಡು ಅಂಕಿಗಳಿಗೂ ಮನೆಯ ಶ್ರೀಮಂತಿಕೆ, ವಯಸ್ಸು, ಸ್ವಭಾವ ಯಾವುದಕ್ಕೂ ಸಂಬಂಧವಿಲ್ಲ. ಲಾಟರಿ ಎತ್ತಿದಂತೆ. ಹಾಗಾಗಿ ಮೊದಲು ಪಡೆದವರ ಖರ್ಚನ್ನು ಇನ್ನೂ ಪಡೆಯದವರ ಖರ್ಚಿನ ಜೊತೆ ಹೋಲಿಸಿದರೆ ಹಣದ ಪರಿಣಾಮ ಮಾತ್ರ ಕಾಣಬೇಕು. ಕಂಡದ್ದು: ದಿನಸಿ, ಪೆಟ್ರೋಲು, ಬಟ್ಟೆಯಂಥ ವಸ್ತುಗಳ ಮೇಲೆ ಮೂರು ತಿಂಗಳಲ್ಲಿ ರಿಬೇಟಿನ ಶೇ. 12ರಿಂದ 30. ಕಾರು ಮುಂತಾದ ಬಾಳಿಕೆಯ ವಸ್ತುಗಳನ್ನೂ ಸೇರಿಸಿದರೆ ಶೇ. 50ರಿಂದ 90.

ಕಡ್ಡಿಪುಡಿ

ಶೇ. 90! ಫ್ರೀಡ್‌ಮನ್ ಸೋತದ್ದು ಖಾತ್ರಿಯಾಯಿತು.

ಮಾಪನ

ತಾಳಿ. ಫ್ರೀಡ್‌ಮನ್ ಲೆಕ್ಕದಲ್ಲಿ ಕಾರು ಕೊಳ್ಳುವುದು ಅನುಭೋಗವೇ ಅಲ್ಲ, ಉಳಿತಾಯ. ಕಾರನ್ನು ಹತ್ತು ವರ್ಷ ಓಡಿಸುತ್ತೀರಿ. ಈ ವರ್ಷ ನೀವು ಅನುಭವಿಸಿದ್ದು ಒಂದು ವರ್ಷದ ಸವಾರಿ ಮಾತ್ರ, ಮಿಕ್ಕದ್ದು ಮನೆ ಮುಂದೆ ನಿಂತಿರುವ ಆಸ್ತಿ. ನ್ಯೂಜೆರ್ಸಿಯವರ ಪಕ್ಕದ ಮನೆಯ ಟಿವಿಯೂ ಹಾಗೆಯೇ. ಅಂಗಡಿಯವನ ಕಣ್ಣಿನಲ್ಲಿ ಅದು ಖರ್ಚು, ಫ್ರೀಡ್‌ಮನ್ ಕಣ್ಣಿನಲ್ಲಿ ಬಹುಪಾಲು ಉಳಿತಾಯ. ಸರ್ಕಾರಕ್ಕೆ ಬೇಕಿದ್ದದ್ದು ಅಂಗಡಿಯವನ ಲೆಕ್ಕ, ಸಿದ್ಧಾಂತ ಹೇಳುವುದು ಅನುಭವಿಸುವವನ ಲೆಕ್ಕ. ಅರ್ಧ ಜಗಳ ಇಲ್ಲಿಂದಲೇ ಹುಟ್ಟಿದೆ.

ಅಡಿಕೆಗೊನೆ

ಇದನ್ನು ಓದಿ ನಗು ಬಂತು. ನಮ್ಮಲ್ಲಿ ಎಂದಿನಿಂದಲೂ ಹೀಗೆಯೇ. ಅಡಿಕೆ ದರ ಒಂದು ವರ್ಷ ಏರುತ್ತದೆ, ಮರುವರ್ಷ ಬೀಳುತ್ತದೆ, ಮಳೆ ಹೆಚ್ಚಾದರೆ ಕೊಳೆ ರೋಗ ಬಂದು ಫಸಲೇ ಇಲ್ಲ. ದರ ಏರಿದ ವರ್ಷ ಊಟದಲ್ಲಿ ಒಂದು ಪಲ್ಯ ಹೆಚ್ಚಾಗುವುದಿಲ್ಲ. ಮನೆಗೆ ಹಂಚು ಬದಲಾಗುತ್ತದೆ, ಕೊಟ್ಟಿಗೆಗೆ ಕಾಂಕ್ರೀಟು ಬೀಳುತ್ತದೆ, ಜೀಪು ಬರುತ್ತದೆ, ಹೆಂಗಸರ ಕೊರಳಿಗೆ ಒಂದು ಎಳೆ ಸೇರುತ್ತದೆ. ದರ ಬಿದ್ದ ವರ್ಷವೂ ಅದೇ ತಂಬುಳಿ, ಅದೇ ಅನ್ನ. ಸೊಸೈಟಿಯ ಖಾತೆಯಲ್ಲಿ ಸಾಲ ಏರುತ್ತದೆ ಅಷ್ಟೆ.

ಅಪ್ಪ ಒಂದು ಮಾತು ಹೇಳುತ್ತಿದ್ದರು, "ಈ ವರ್ಷದ ದರ ನೋಡಿ ಮದುವೆ ನಿಶ್ಚಯ ಮಾಡಬೇಡ, ಹತ್ತು ವರ್ಷದ ದರ ನೋಡಿ ಮಾಡು."

ಮಾಪನ

ಅಡಿಕೆಗೊನೆಯವರೇ, ನಿಮ್ಮ ತಂದೆಯವರು ಹೇಳಿದ್ದೇ ಫ್ರೀಡ್‌ಮನ್ ಬಳಸಿದ ಪುರಾವೆಗಳಲ್ಲಿ ಒಂದು. ರೈತ ಕುಟುಂಬಗಳನ್ನೂ ಸಂಬಳದ ಕುಟುಂಬಗಳನ್ನೂ ಅವರು ಹೋಲಿಸಿದರು. ರೈತರ ವರಮಾನ ವರ್ಷದಿಂದ ವರ್ಷಕ್ಕೆ ಕುಣಿಯುತ್ತದೆ, ಆದ್ದರಿಂದ ಆ ವರ್ಷದ ವರಮಾನ 100 ಹೆಚ್ಚಾದರೆ ರೈತನ ಮನೆಯ ಖರ್ಚು ಏರುವುದು ಸಂಬಳದವನ ಮನೆಗಿಂತ ಕಡಿಮೆ. ಸಂಬಳದವನಿಗೆ ಏರಿಕೆ ಎಂದರೆ ಬಹುತೇಕ ಶಾಶ್ವತ ಏರಿಕೆ.

ನಿವೃತ್ತ ಅಂಚೆ

ನಾನು ಕೇಂದ್ರ ಸರ್ಕಾರದ ನೌಕರನಾಗಿದ್ದವನು. ಆರನೆಯ ವೇತನ ಆಯೋಗದ ಬಾಕಿ ಶೇ. 40 ಮೊದಲು, ಶೇ. 60 ಮರುವರ್ಷ ಎಂದು ಎರಡು ಕಂತಿನಲ್ಲಿ ಬಂತು. ಮೊದಲ ಕಂತಿನಲ್ಲಿ ಮಗಳಿಗೆ ಬಳೆ, ಎರಡನೆಯದರಲ್ಲಿ ಮನೆಗೆ ಗ್ರಾನೈಟ್ ನೆಲ. ಪೂರ್ತಿ ಖರ್ಚು ಮಾಡಿದೆ. ಇಡಿಗಂಟು ಬಂದರೆ ಜನ ಉಳಿಸುತ್ತಾರೆ ಎನ್ನುವುದು ತಪ್ಪು.

ತುಂಗಾತೀರ

ಹಿರಿಯರೇ, ಬಳೆ ಖರ್ಚೇ? ಮಾಪನ ಅವರ ಲೆಕ್ಕದಲ್ಲಿ ಅದು ಶುದ್ಧ ಉಳಿತಾಯ. ಗ್ರಾನೈಟೂ ಮುಕ್ಕಾಲು ಉಳಿತಾಯವೇ. ಇನ್ನೊಂದು ಮಾತು, ನಿಮ್ಮ ಬಾಕಿ ಒಂಟಿಯಾಗಿ ಬರಲಿಲ್ಲ. ಅದರ ಜೊತೆ ಮೂಲ ವೇತನವೂ ಶಾಶ್ವತವಾಗಿ ಏರಿತು, ಪಿಂಚಣಿಯೂ ಏರುತ್ತದೆಂದು ಗೊತ್ತಾಯಿತು. ನೀವು ಖರ್ಚು ಮಾಡಿದ್ದು ಬಾಕಿಯ ಧೈರ್ಯದಿಂದಲೋ ಹೊಸ ಸಂಬಳದ ಧೈರ್ಯದಿಂದಲೋ?

ನಿವೃತ್ತ ಅಂಚೆ

ಹೆಂಡತಿಯ ಒತ್ತಾಯದಿಂದ.

ಹೊಂಗೆನೆರಳು

😄 ಇದಕ್ಕೆ ಯಾವ ಸಿದ್ಧಾಂತವೂ ಇಲ್ಲ.

ನನ್ನದೊಂದು ಪ್ರಶ್ನೆ. ನಾನು ಬೆಂಗಳೂರಿನಲ್ಲಿ ಐಟಿ ಕೆಲಸ, ಗಂಡನಿಗೂ ಒಳ್ಳೆಯ ಸಂಬಳ. ಫ್ಲಾಟ್ ಇದೆ. ಆದರೆ ಮನೆ ಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ ಕಳೆದರೆ ತಿಂಗಳ 25ಕ್ಕೆ ಖಾತೆಯಲ್ಲಿ ನಾಲ್ಕು ಅಂಕಿ ಇದ್ದರೆ ದೊಡ್ಡದು. ಹೋದ ವರ್ಷ ತೆರಿಗೆಯ ಮರುಪಾವತಿ 18,000 ಬಂದದ್ದು ಹತ್ತು ದಿನವೂ ಉಳಿಯಲಿಲ್ಲ. ಕೆಟ್ಟ ವಾಷಿಂಗ್ ಮಷೀನ್ ರಿಪೇರಿ, ಮಗನ ಕನ್ನಡಕ, ಎರಡು ತಿಂಗಳಿಂದ ಮುಂದೂಡಿದ್ದ ಹಲ್ಲಿನ ಡಾಕ್ಟರು. ಶಾಶ್ವತ ವರಮಾನ ನೋಡಿದರೆ ನಾವು ಶ್ರೀಮಂತರು, ಖರ್ಚಿನಲ್ಲಿ ಕೂಲಿಯವರ ಹಾಗೆ. ನಾವು ಯಾವ ಲೆಕ್ಕಕ್ಕೆ ಸೇರುತ್ತೇವೆ?

ಮಾಪನ

ನಿಮ್ಮಂಥವರ ಮೇಲೆಯೇ ಗ್ರೆಗ್ ಕಾಪ್ಲನ್ ಮತ್ತು ಜಾನ್ಲೂಕಾ ವಿಯೊಲಾಂಟೆ 2014ರಲ್ಲಿ ಒಂದು ಪ್ರಬಂಧ ಬರೆದರು. ಆಸ್ತಿ ಇದೆ, ಕೈಯಲ್ಲಿ ಕಾಸಿಲ್ಲ. ಆಸ್ತಿಯೆಲ್ಲ ಗೋಡೆಯಲ್ಲಿ, ಭವಿಷ್ಯನಿಧಿಯಲ್ಲಿ ಕುಳಿತಿದೆ. ಅದನ್ನು ಮುರಿಸಲು ದಂಡ, ಓಡಾಟ, ಕಾಗದಪತ್ರ. ಸಣ್ಣ ಹಣ ಬಂದರೆ ತಕ್ಷಣ ಖರ್ಚಾಗುತ್ತದೆ. ಮೂಲ ಸಿದ್ಧಾಂತದಲ್ಲಿ ಮುಂದಿನ ಸಂಬಳವನ್ನು ನೆಚ್ಚಿಕೊಂಡು ಇಂದು ಸಾಲ ಪಡೆಯಬಹುದು ಎಂಬ ಊಹೆ ಅಡಗಿದೆ. ಆ ಊಹೆ ಮುರಿದ ಮನೆಗಳಲ್ಲಿ ರಿಬೇಟ್ ಕೆಲಸ ಮಾಡುತ್ತದೆ. ಬಡವರು ಮಾತ್ರ ಹೀಗಿರುತ್ತಾರೆ ಎಂದು ಬಹಳ ಕಾಲ ನಂಬಿದ್ದರು. ಮನೆ ಕೊಂಡ ಮಧ್ಯಮ ವರ್ಗವೂ ಇದೇ ಗುಂಪಿನಲ್ಲಿದೆ ಎಂದು ತೋರಿಸಿದ್ದೇ ಆ ಪ್ರಬಂಧದ ಹೊಸತನ.

ಕಡ್ಡಿಪುಡಿ

ನಾನು ಮೊದಲೇ ಹೇಳಿದ್ದು ಇದನ್ನೇ ಅಲ್ಲವೇ?

ಮಾಪನ

ಅರ್ಧ. ಎಲ್ಲರೂ ಹಾಗಲ್ಲ. 2008ರಲ್ಲಿ ಮ್ಯಾಥ್ಯೂ ಶಪಿರೋ ಮತ್ತು ಜೋಯಲ್ ಸ್ಲೆಮ್‌ರಾಡ್ ಜನರನ್ನೇ ನೇರವಾಗಿ ಕೇಳಿಸಿದರು: ಈ ಹಣವನ್ನು ಮುಖ್ಯವಾಗಿ ಖರ್ಚು ಮಾಡುತ್ತೀರಾ, ಉಳಿಸುತ್ತೀರಾ, ಸಾಲ ತೀರಿಸುತ್ತೀರಾ? ಮುಖ್ಯವಾಗಿ ಖರ್ಚು ಎಂದವರು ಐದರಲ್ಲಿ ಒಬ್ಬರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಸಾಲಕ್ಕೆ ಎಂದರು. ನ್ಯೂಜೆರ್ಸಿಯವರ ಯಜಮಾನರು ಆ ಅರ್ಧದಲ್ಲಿದ್ದಾರೆ. ಕಡಿಮೆ ವರಮಾನದವರೇ ಹೆಚ್ಚು ಖರ್ಚು ಮಾಡುತ್ತೇವೆ ಎನ್ನಲಿಲ್ಲ, ನಿಮ್ಮ ಊಹೆಗೆ ಇದು ಅಡ್ಡ ಬರುತ್ತದೆ. ಬದಲಿಗೆ 65 ದಾಟಿದವರು ಕಿರಿಯರಿಗಿಂತ ಹೆಚ್ಚಾಗಿ ಖರ್ಚು ಎಂದರು. ಮೇಷ್ಟ್ರ ಬೋರ್ಡಿನ ಲೆಕ್ಕಕ್ಕೆ ಇದು ಸರಿಹೊಂದುತ್ತದೆ: ಹಂಚಿಕೊಳ್ಳಲು ವರ್ಷಗಳು ಕಡಿಮೆ ಉಳಿದಿದ್ದರೆ ಪ್ರತಿ ವರ್ಷದ ಪಾಲು ದೊಡ್ಡದು.

ನ್ಯೂಜೆರ್ಸಿ ಗೃಹಿಣಿ

ಆಗ ಯಾರಾದರೂ ಫೋನ್ ಮಾಡಿ ಕೇಳಿದ್ದರೆ ಯಜಮಾನರು "ಸಾಲ" ಎನ್ನುತ್ತಿದ್ದರು, ನಾನು "ವಿಮಾನದ ಟಿಕೆಟ್" ಎನ್ನುತ್ತಿದ್ದೆ. ಫೋನ್ ಯಾರು ಎತ್ತಿದರು ಎಂಬುದರ ಮೇಲೆ ದೇಶದ ಅಂಕಿಅಂಶವೇ?

ಮಾಪನ

ಅದು ಆ ವಿಧಾನದ ನಿಜವಾದ ದೌರ್ಬಲ್ಯ. ಸಾಲ ತೀರಿಸುವುದು ಇಂದಿನ ಮಟ್ಟಿಗೆ ಉಳಿತಾಯ, ಆದರೆ ಕಾರ್ಡಿನ ಮಿತಿ ತೆರವಾದರೆ ಎರಡು ತಿಂಗಳ ನಂತರದ ಖರ್ಚಿಗೆ ದಾರಿ. 2001ರ ರಿಬೇಟಿನಲ್ಲೂ ಇದೇ ಆಯಿತು. ಆಗ ಒಬ್ಬರಿಗೆ 300, ದಂಪತಿಗೆ 600 ಡಾಲರ್. ಕೇಳಿದಾಗ ಖರ್ಚು ಎಂದವರು ಶೇ. 22. ಮನೆಗಳ ಖರ್ಚಿನ ಲೆಕ್ಕ ತೆಗೆದಾಗ ಹಣ ಬಂದ ಮೂರು ತಿಂಗಳಲ್ಲಿ ಖರ್ಚಾದದ್ದು ರಿಬೇಟಿನ ಶೇ. 20ರಿಂದ 40, ಮುಂದಿನ ಮೂರು ತಿಂಗಳನ್ನೂ ಸೇರಿಸಿದರೆ ಸುಮಾರು ಮೂರನೇ ಎರಡು ಭಾಗ.

ಎಡಿಸನ್ ಮಾಜಿ

ಇದರ ನಡುವೆ ನಮ್ಮ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಯಾವ ಲೆಕ್ಕ?

ತುಂಗಾತೀರ

ಅದು ರಿಬೇಟ್ ಅಲ್ಲ, ತಿಂಗಳು ತಿಂಗಳು ಬರುವುದು. ಪಡೆಯುವವರು ಅದನ್ನು ಎಷ್ಟು ಶಾಶ್ವತ ಎಂದು ನಂಬುತ್ತಾರೆ ಎಂಬುದರ ಮೇಲೆ ಉತ್ತರ ನಿಂತಿದೆ. ದಯವಿಟ್ಟು ಇಲ್ಲಿಂದ ರಾಜಕೀಯಕ್ಕೆ ಜಾರುವುದು ಬೇಡ, ಸೋಮವಾರ ಹತ್ತಿರ ಬರುತ್ತಿದೆ.

ಕಡತದ ಕೆಂಪುದಾರ

ನಂಬಿಕೆ ಎಂದಿರಲ್ಲ, ಅದಕ್ಕೆ ಒಳ್ಳೆಯ ಉದಾಹರಣೆ 1968. ವಿಯೆಟ್ನಾಂ ಯುದ್ಧದ ಕಾಲ, ಬೆಲೆಗಳು ಏರುತ್ತಿದ್ದವು. ಜನರ ಕೈ ಕಟ್ಟಲು ಅಮೆರಿಕ ಸರ್ಕಾರ ವರಮಾನ ತೆರಿಗೆಯ ಮೇಲೆ ಶೇ. 10ರ ಸರ್ಚಾರ್ಜ್ ಹಾಕಿತು. 1969ರ ಜೂನ್‌ಗೆ ಮುಗಿಯುತ್ತದೆ ಎಂದು ಕಾಯ್ದೆಯಲ್ಲೇ ಬರೆದರು. ತಾತ್ಕಾಲಿಕ ಎಂದು ಗೊತ್ತಾದ ಮೇಲೆ ಜನ ಖರ್ಚನ್ನೇಕೆ ಇಳಿಸುತ್ತಾರೆ? ಉಳಿತಾಯವನ್ನು ಇಳಿಸಿದರು, ಅಂಗಡಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಬೆಲೆ ಏರಿಕೆ ನಿಲ್ಲಲಿಲ್ಲ. ಆಮೇಲೆ ಸರ್ಚಾರ್ಜನ್ನು 1970ರವರೆಗೆ ಎಳೆದರು, ಅದು ಬೇರೆ ಮಾತು. ರಿಬೇಟ್ ಎಂದರೆ ಇದೇ ನಾಣ್ಯದ ಇನ್ನೊಂದು ಮುಖ. 1975ರಲ್ಲಿ ಫೋರ್ಡ್ ಸರ್ಕಾರ 100ರಿಂದ 200 ಡಾಲರ್‌ವರೆಗೆ ಹಿಂದಿರುಗಿಸಿದಾಗ ಉಳಿತಾಯದ ದರ ಒಂದೇ ನೆಗೆತಕ್ಕೆ ಏರಿತು.

ಸರ್ಕಾರಗಳಿಗೆ ಇದು ಗೊತ್ತಿಲ್ಲ ಎಂದೇನಿಲ್ಲ. 2020ರ ಅಕ್ಟೋಬರ್‌ನಲ್ಲಿ ನಮಗೆ, ಅಂದರೆ ಕೇಂದ್ರ ನೌಕರರಿಗೆ, ಬಂದ ಎಲ್‌ಟಿಸಿ, ಅಂದರೆ ರಜೆಯ ಪ್ರವಾಸ ಭತ್ಯೆಯ ನಗದು ಯೋಜನೆಯನ್ನು ನೋಡಿ. ಕೋವಿಡ್‌ನಿಂದ ಪ್ರವಾಸ ಹೋಗುವಂತಿಲ್ಲ, ಬದಲಿಗೆ ಹಣ ಕೊಡುತ್ತೇವೆ ಎಂದರು. ಆದರೆ ಷರತ್ತು: ಪ್ರಯಾಣದರದ ಮೂರು ಪಟ್ಟು ನೀವು ಖರ್ಚು ಮಾಡಬೇಕು, ಶೇ. 12 ಅಥವಾ ಹೆಚ್ಚಿನ ಜಿಎಸ್‌ಟಿ ಇರುವ ವಸ್ತುವನ್ನೇ ಕೊಳ್ಳಬೇಕು, ಡಿಜಿಟಲ್ ಪಾವತಿ ಮಾಡಬೇಕು, 2021ರ ಮಾರ್ಚ್ 31ರೊಳಗೆ ಮುಗಿಸಬೇಕು. ನನ್ನ ದರ್ಜೆಗೆ ತಲೆಗೆ 6,000, ಮನೆಯಲ್ಲಿ ನಾಲ್ವರು, 24,000. ಅದು ಪೂರ್ತಿ ಸಿಗಬೇಕಾದರೆ 72,000ದ ಬಿಲ್ ತೋರಿಸಬೇಕು. ಗಳಿಕೆ ರಜೆಯ ನಗದು ಸೇರಿಸಿಕೊಂಡರೆ ಅದರ ಲೆಕ್ಕ ಬೇರೆ. ಹೆಂಡತಿ ಚಿನ್ನ ಎಂದಳು. ಚಿನ್ನಕ್ಕೆ ಜಿಎಸ್‌ಟಿ ಶೇ. 3 ಮಾತ್ರ, ನಡೆಯುವುದಿಲ್ಲ. ಉಳಿತಾಯಕ್ಕೆ ಇದ್ದ ಕಿಂಡಿಯನ್ನೆಲ್ಲ ಮುಚ್ಚಿದ್ದರು.

ಹೊಂಗೆನೆರಳು

ಹಾಗಾದರೆ ಏನು ಕೊಂಡಿರಿ?

ಕಡತದ ಕೆಂಪುದಾರ

ಫ್ರಿಜ್, ಮಗಳಿಗೆ ಲ್ಯಾಪ್‌ಟಾಪ್. ಫ್ರಿಜ್‌ನ ಬಾಗಿಲಿನ ರಬ್ಬರ್ ಹೋಗಿ ಒಂದು ವರ್ಷದಿಂದ ಅದಕ್ಕೆ ಕುರ್ಚಿ ಒತ್ತಿ ಇಡುತ್ತಿದ್ದೆವು. ಯುಗಾದಿಗೆ ಹೇಗೂ ಕೊಳ್ಳುವವರಿದ್ದೆವು, ಜನವರಿಯಲ್ಲೇ ಕೊಂಡೆವು. ಯುಗಾದಿಗೆಂದು ಎತ್ತಿಟ್ಟಿದ್ದ ಹಣ ಠೇವಣಿಯಾಯಿತು. ಕಿಂಡಿ ಮುಚ್ಚಿದ್ದರು, ನಾವು ಹಿತ್ತಲ ಬಾಗಿಲಿನಿಂದ ಉಳಿಸಿದೆವು.

ಮಾಪನ

ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಜಪಾನ್ 1999ರಲ್ಲಿ ಮಕ್ಕಳಿರುವ ಮನೆಗಳಿಗೆ ಮಗುವಿಗೆ 20,000 ಯೆನ್‌ನ ಖರೀದಿ ಕೂಪನ್ ಕೊಟ್ಟಿತ್ತು. ಕೂಪನ್ ಅವಧಿಯೊಳಗೆ ಬಳಸದಿದ್ದರೆ ವ್ಯರ್ಥ. ಜನ ಕೂಪನ್ ಬಳಸಿದರು, ಆದರೆ ಹೇಗೂ ಕೊಳ್ಳುವುದನ್ನು ಕೂಪನ್‌ನಲ್ಲಿ ಕೊಂಡು ಕೈಯ ಹಣ ಉಳಿಸಿದರು. ಹೊಸದಾಗಿ ಹುಟ್ಟಿದ ಖರ್ಚು ಕೂಪನ್ ಮೌಲ್ಯದ ಹತ್ತರಲ್ಲಿ ಒಂದೆರಡು ಭಾಗವಷ್ಟೇ ಎಂದು ಲೆಕ್ಕ ಹಾಕಿದವರು ಕಂಡುಕೊಂಡರು.

ತುಂಗಾತೀರ

ಎಲ್ಲರಿಗೂ ವಂದನೆ. ಆದರೆ ಹುಡುಗಿಯ ಪ್ರಶ್ನೆ ಅಲ್ಲೇ ಇದೆ. ಟೇಲರ್ ಗೆರೆ ಸರಿಯೋ, ಪಾರ್ಕರ್ ಮನೆಗಳು ಸರಿಯೋ?

ಕಡ್ಡಿಪುಡಿ

ಮನೆಗಳು. ಗೆರೆಯಲ್ಲಿ ಏನು ಬೇಕಾದರೂ ತೋರಿಸಬಹುದು. ಪೆಟ್ರೋಲ್ ಬೆಲೆ ಏರಿ, ಮನೆಯ ಬೆಲೆ ಬಿದ್ದು ಜನ ಖರ್ಚು ಇಳಿಸುವ ಹೊತ್ತಿನಲ್ಲಿ ಚೆಕ್ ಬಂದು ಎತ್ತಿ ಹಿಡಿದಿರಬಹುದು. ಗೆರೆ ಚಪ್ಪಟೆಯಾಗಿ ಕಾಣುವುದು ಅದಕ್ಕೇ ಇರಬಹುದು.

ಮಾಪನ

ಈ ಬಾರಿ ಕಡ್ಡಿಪುಡಿಯವರ ವಾದ ಗಟ್ಟಿ, ಟೇಲರ್ ಅವರಿಗೆ ಮೊದಲಿಂದಲೂ ಕೊಟ್ಟ ಉತ್ತರ ಇದೇ. ಚೆಕ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದು ಆ ಚಿತ್ರದಲ್ಲಿ ಇಲ್ಲ.

ಆದರೆ ಆ ಉತ್ತರವನ್ನೂ ಪರೀಕ್ಷಿಸಬಹುದು. ಆರ್ಚರ್ಡ್, ರೇಮಿ, ವೀಲ್ಯಾಂಡ್ ಎಂಬ ಮೂವರು ಇತ್ತೀಚೆಗೆ ಅದನ್ನೇ ಮಾಡಿದರು. ಪಾರ್ಕರ್ ತಂಡದ ದೊಡ್ಡ ಸಂಖ್ಯೆ ನಿಜವೆಂದು ಇಟ್ಟುಕೊಳ್ಳಿ. ಹಂಚಿದ ಹಣ ಸುಮಾರು 10,000 ಕೋಟಿ ಡಾಲರ್. ಅದರಿಂದ ಹುಟ್ಟಿದ ಖರ್ಚನ್ನು ನಿಜವಾದ ಖರ್ಚಿನಿಂದ ಕಳೆಯಿರಿ. ಉಳಿಯುವ ಗೆರೆ ಚೆಕ್ ಇಲ್ಲದ ಅಮೆರಿಕದ್ದು. ಆ ಗೆರೆ ಮೇ ತಿಂಗಳಿಂದ ಪಾತಾಳಕ್ಕೆ ಇಳಿದು, ಬೇಸಿಗೆ ಮುಗಿಯುವಾಗ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಅದೂ ಸೆಪ್ಟೆಂಬರ್‌ನಲ್ಲಿ ಲೆಹ್ಮನ್ ಬ್ಯಾಂಕ್ ಮುಳುಗುವ ಹೊತ್ತಿಗೆ! ಅಂಥ ಇಳಿತಕ್ಕೂ ಅಂಥ ಏರಿಕೆಗೂ ಕಾರಣ ಯಾರ ಬಳಿಯೂ ಇಲ್ಲ. ಇನ್ನೊಂದು ತೊಡಕು ಹೋಲಿಕೆಯ ವಿಧಾನದ್ದೇ. ಮೊದಲು ಪಡೆದವರನ್ನು, ಅವರು ಆಗಲೇ ಖರ್ಚು ಮಾಡಿ ಮುಗಿಸಿದ ನಂತರ, ತಡವಾಗಿ ಪಡೆದವರಿಗೆ ಅಳತೆಗೋಲಾಗಿ ಬಳಸಿದರೆ ಅಳತೆ ಕೆಡುತ್ತದೆ. ಮೊದಲಿನವರ ಖರ್ಚು ಆಗ ಇಳಿಯುತ್ತಿರುತ್ತದೆ, ಆದ್ದರಿಂದ ತಡವಾಗಿ ಪಡೆದವರ ಏರಿಕೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇವನ್ನೆಲ್ಲ ಸರಿಪಡಿಸಿದ ಮೇಲೆ ಅವರಿಗೆ ಸಿಕ್ಕಿದ್ದು 100ಕ್ಕೆ 30ರ ಆಸುಪಾಸು.

ಅಡಿಕೆಗೊನೆ

ಅಂದರೆ ಸುತ್ತಿ ಸುತ್ತಿ ಮತ್ತೆ ಫ್ರೀಡ್‌ಮನ್ ಹೇಳಿದ ಮೂವತ್ತಮೂರರ ಹತ್ತಿರವೇ ಬಂದಿರಿ!

ಮಾಪನ

ಸಂಖ್ಯೆ ಹತ್ತಿರ ಬಂದಿತು, ಕಾರಣ ಅದೇ ಎಂದು ಹೇಳುವಂತಿಲ್ಲ. ಎಲ್ಲರೂ ಮೂವತ್ತು ಖರ್ಚು ಮಾಡಿದರೋ, ಅಥವಾ ಹೊಂಗೆನೆರಳು ಅವರಂಥ ಕೆಲವರು ಪೂರ್ತಿ, ಉಳಿದವರು ಏನೂ ಇಲ್ಲವೋ? ಸರಾಸರಿ ಎರಡರಲ್ಲೂ ಒಂದೇ. ಇನ್ನು ಆ 30ರಲ್ಲಿ ಕಾರುಗಳೂ ಸೇರಿವೆ ಎಂಬುದನ್ನು ಮರೆಯಬೇಡಿ.

ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಅಧ್ಯಕ್ಷ ಬುಷ್ ಈ ರಿಬೇಟಿನ ಕಾಯ್ದೆಗೆ ಸಹಿ ಹಾಕಿದ್ದು 2008ರ ಫೆಬ್ರವರಿ 13ರಂದು. ಚೆಕ್ ಬರುತ್ತದೆ, ಎಷ್ಟು ಬರುತ್ತದೆ ಎಂದು ಎಲ್ಲರಿಗೂ ಆಗಲೇ ಗೊತ್ತು. ಶಾಶ್ವತ ವರಮಾನ ಬದಲಾಗುವುದು ಸುದ್ದಿ ತಿಳಿದ ದಿನ, ಹಣ ಬಂದ ದಿನವಲ್ಲ. ಹಾಗಿದ್ದರೆ ಖರ್ಚು ಫೆಬ್ರವರಿಯಲ್ಲಿ ಸ್ವಲ್ಪ ಏರಿ, ಮೇ ತಿಂಗಳ ಶುಕ್ರವಾರಗಳಲ್ಲಿ ಏನೂ ಆಗಬಾರದಿತ್ತು. ಆದರೆ ಏರಿಕೆ ಎಷ್ಟೇ ಸಣ್ಣದಿರಲಿ, ಅದು ಹಣ ಕೈಗೆ ಬಂದ ವಾರದ ಜೊತೆ ಅಂಟಿಕೊಂಡಿದೆ. ಖರ್ಚಿನ ಗಾತ್ರ ನೋಡಿದರೆ ಸಿದ್ಧಾಂತ ಬಹುಪಾಲು ಉಳಿಯುತ್ತದೆ, ಖರ್ಚಿನ ದಿನಾಂಕ ನೋಡಿದರೆ ಉಳಿಯುವುದಿಲ್ಲ.

ನ್ಯೂಜೆರ್ಸಿ ಗೃಹಿಣಿ

ಫೆಬ್ರವರಿಯಲ್ಲಿ ಖರ್ಚು ಮಾಡಲು ಕಾರ್ಡಿನಲ್ಲಿ ಜಾಗ ಎಲ್ಲಿತ್ತು ಸ್ವಾಮೀ?

ಮಾಪನ

ಅದೇ ಒಂದು ಉತ್ತರ. ಆದರೆ ಬ್ಯಾಂಕಿನಲ್ಲಿ ಹಣವಿದ್ದವರೂ ಕಾದು ಕುಳಿತದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅಲಾಸ್ಕಾದಲ್ಲಿ ತೈಲದ ಲಾಭಾಂಶ ಪ್ರತಿ ವರ್ಷವೂ ಜನರಿಗೆ ಬರುತ್ತದೆ, ಮುಂಚೆಯೇ ಗೊತ್ತಿರುತ್ತದೆ. ಅದರ ಮೇಲಿನ ಒಂದು ಪ್ರಬಂಧದಲ್ಲಿ ಹಣ ಬಂದಾಗ ಹೆಚ್ಚು ಖರ್ಚು ಮಾಡಿದವರು ಸಿರಿವಂತರೇ. ಅವರಿಗೆ ಕಾರ್ಡಿನಲ್ಲಿ ಜಾಗವಿತ್ತು.

ತುಂಗಾತೀರ

ಸರಿ, ಸೋಮವಾರ ಹೀಗೆ ಹೇಳುತ್ತೇನೆ: ಎರಡನ್ನೂ ಬರೆ, ಟೇಲರ್ ಗೆರೆಯಲ್ಲಿ ಏನು ಕಾಣುವುದಿಲ್ಲ ಎಂದು ಒಂದು ವಾಕ್ಯ, ಪಾರ್ಕರ್ ಹೋಲಿಕೆ ಎಲ್ಲಿ ಕೆಡುತ್ತದೆ ಎಂದು ಇನ್ನೊಂದು. ಫೆಬ್ರವರಿ ಮತ್ತು ಮೇ ತಿಂಗಳ ಪ್ರಶ್ನೆಯನ್ನು ನಾನೇ ಅವಳಿಗೆ ತಿರುಗಿಸಿ ಕೇಳುತ್ತೇನೆ, ಒಂದು ವಾರದ ಬಿಡುವಾದರೂ ಸಿಗಲಿ.

ಕಡ್ಡಿಪುಡಿ

ಅಂಕ ಎಷ್ಟು ಎಂದು ಕೇಳಿದ್ದಳಲ್ಲ, ಅದಕ್ಕೆ ಉತ್ತರ?

ತುಂಗಾತೀರ

ಹತ್ತಕ್ಕೆ ಆರು. ಮೌಲ್ಯಮಾಪನಕ್ಕೆ ಕುಳಿತವರು 1957ರ ಆಚೆ ಓದಿದ್ದರೆ ಎಂಟು.

ನಿವೃತ್ತ ಅಂಚೆ

ಬಳೆ ಉಳಿತಾಯ ಎಂದು ಹೆಂಡತಿಗೆ ಓದಿ ಹೇಳಿದೆ. ಇನ್ನೊಂದು ಜೊತೆ ಉಳಿಸೋಣ ಎನ್ನುತ್ತಿದ್ದಾಳೆ. ಈ ಚರ್ಚೆಗೆ ನಾನು ಬರಬಾರದಿತ್ತು.